ವಿಓ2 ಮ್ಯಾಕ್ಸ್ ಅಷ್ಟೇನೂ ಏರಿಲ್ಲ, ಆದರೆ ದಮ್ಮು ಮೂರು ಪಟ್ಟಾಗಿದೆ. ಕಾಲಿನೊಳಗೆ ಏನಾಯಿತು?

ಮುಂಜಾನೆ_ಓಟ

ಎಲ್ಲರಿಗೂ ನಮಸ್ಕಾರ. ಓಟ ಶುರು ಮಾಡುವಾಗ ಲ್ಯಾಬ್‌ನಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ವಿಓ2 ಮ್ಯಾಕ್ಸ್ ಅಳೆಸಿದ್ದೆ. ಜೋರಾಗಿ ಓಡುವಾಗ ದೇಹ ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಗರಿಷ್ಠ ಎಷ್ಟು ಮಿ.ಲೀ. ಆಮ್ಲಜನಕ ಬಳಸಬಲ್ಲದು ಅನ್ನೋ ಅಳತೆ ಅದು. 41 ಬಂದಿತ್ತು. ಕೆಲವು ತಿಂಗಳು ಬಿಡದೆ ಓಡಿದ ಮೇಲೆ ಅದೇ ಲ್ಯಾಬ್‌ನಲ್ಲಿ ಮತ್ತೆ ಅಳೆಸಿದೆ. ಈಗ 43. ತೂಕ ಆಗಲೂ ಈಗಲೂ 64 ಕೆ.ಜಿ.

ಆದರೆ ಓಟದಲ್ಲಿ ಆದ ಬದಲಾವಣೆ ಇಷ್ಟು ಚಿಕ್ಕದಲ್ಲ. ಮೊದಲು ಗಂಟೆಗೆ 9 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷ ಓಡಿದರೆ ತೊಡೆ ಕಲ್ಲಾಗುತ್ತಿತ್ತು, ನಿಲ್ಲಲೇಬೇಕಿತ್ತು. ಈಗ ಅದೇ ವೇಗದಲ್ಲಿ ಒಂದು ಗಂಟೆ ಓಡಿ, ಇನ್ನೂ ಸ್ವಲ್ಪ ಹೋಗಬಹುದು ಅನ್ನಿಸುತ್ತದೆ. ಅಳತೆ ಏರಿದ್ದು ಶೇಕಡಾ 5. ಓಟ ಬೆಳೆದಿದ್ದು ಮೂರು ಪಟ್ಟು. ಲೆಕ್ಕ ಕೂಡುತ್ತಿಲ್ಲ ಅಲ್ವಾ? ಸ್ನಾಯುವಿನಲ್ಲಿ ಕ್ಯಾಪಿಲರಿ ಅನ್ನೋ ಸಣ್ಣ ರಕ್ತನಾಳಗಳು, ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾ ಜಾಸ್ತಿ ಆಗುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವು ಜಾಸ್ತಿ ಆದರೆ ಸುಸ್ತು ಯಾಕೆ ಕಡಿಮೆ ಆಗಬೇಕು ಅನ್ನೋದನ್ನು ಯಾರೂ ಬಿಡಿಸಿ ಹೇಳಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಪೆಡಲ್_ಪ್ರೇಮಿ

ಇದು ಸುಲಭ ಕಣ್ರೀ. ದಿನಾ ಓಡಿದರೆ ಸ್ನಾಯುವಿನಲ್ಲಿ ಹೊಸ ಕ್ಯಾಪಿಲರಿಗಳು ಹುಟ್ಟುತ್ತವೆ. ರಕ್ತ ಜಾಸ್ತಿ ಬರುತ್ತದೆ, ಅದರ ಜೊತೆ ಆಮ್ಲಜನಕವೂ ಜಾಸ್ತಿ ಬರುತ್ತದೆ. ಮೈಟೊಕಾಂಡ್ರಿಯಾನೂ ಹೆಚ್ಚಿರುವುದರಿಂದ ಅದೇ ವೇಗದಲ್ಲಿ ಮೊದಲಿಗಿಂತ ಹೆಚ್ಚು ಆಮ್ಲಜನಕ ಉರಿಯುತ್ತದೆ. ಶಕ್ತಿ ಜಾಸ್ತಿ ಸಿಗುತ್ತದೆ, ಸುಸ್ತು ಆಗಲ್ಲ. ನಾನು ಸೈಕಲ್ ತುಳಿಯುವವನು, ನನಗೂ ಹೀಗೇ ಆಗಿದೆ.

ಉಸಿರು_ಹಸಿರು

ದಮ್ಮು ಅಂದರೆ ಶ್ವಾಸಕೋಶದ ವಿಷಯ. ನೀವು ಓಟದ ಜೊತೆಗೆ ಆಳವಾಗಿ ಉಸಿರಾಡುವ ಅಭ್ಯಾಸ ಮಾಡಿ. ಶ್ವಾಸಕೋಶ ದೊಡ್ಡದಾದರೆ ಆ 43 ಕೂಡ ಏರುತ್ತದೆ. ನಾನು ದಿನಾ ಮಾಡುತ್ತೇನೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದೇ ಇಲ್ಲ.

ಅಂಗಕ್ರಿಯೆ_ಮೇಷ್ಟ್ರು

ನಾನು ಶರೀರಕ್ರಿಯೆ ಪಾಠ ಮಾಡುವವನು. ಪ್ರಶ್ನೆ ತುಂಬಾ ಚೆನ್ನಾಗಿದೆ, ಅದರಲ್ಲೂ ಎರಡೂ ಸಲ ಮಾಸ್ಕ್ ಹಾಕಿ ಅಳೆದ ಅಂಕಿ ಕೊಟ್ಟಿರುವುದು ಅನುಕೂಲವಾಯಿತು.

ಮೊದಲು ಶ್ವಾಸಕೋಶದ ಮಾತು ಮುಗಿಸಿಬಿಡೋಣ. ಆರೋಗ್ಯವಂತ ಮನುಷ್ಯ ಜೋರಾಗಿ ಓಡುವಾಗಲೂ ಶ್ವಾಸಕೋಶದಿಂದ ಹೊರಡುವ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ತುಂಬಿಯೇ ಇರುತ್ತದೆ. ಬಹುಪಾಲು ಜನರಲ್ಲಿ ತಡೆ ಇರುವುದು ಅಲ್ಲಲ್ಲ. ವಿಓ2 ಮ್ಯಾಕ್ಸ್‌ಗೆ ಮುಖ್ಯ ಮಿತಿ ಹೃದಯ ಒಂದು ನಿಮಿಷಕ್ಕೆ ಎಷ್ಟು ರಕ್ತ ತಳ್ಳಬಲ್ಲದು ಅನ್ನೋದು. ಈ ಓಟಗಾರರ ಪ್ರಶ್ನೆ ಅದರ ಬಗ್ಗೆಯೂ ಅಲ್ಲ. ಗರಿಷ್ಠಕ್ಕಿಂತ ಕೆಳಗಿನ ಒಂದೇ ವೇಗವನ್ನು ಈಗ ಯಾಕೆ ಹೆಚ್ಚು ಹೊತ್ತು ತಾಳಬಲ್ಲೆ ಅಂತ ಅವರು ಕೇಳುತ್ತಿದ್ದಾರೆ.

ಪೆಡಲ್_ಪ್ರೇಮಿ ಅವರೇ, ಕ್ಯಾಪಿಲರಿ ಮತ್ತು ಮೈಟೊಕಾಂಡ್ರಿಯಾ ಎರಡೂ ಹೆಚ್ಚುತ್ತವೆ ಅಂದಿದ್ದು ಸರಿ. ಅದೇ ವೇಗದಲ್ಲಿ ಹೆಚ್ಚು ಆಮ್ಲಜನಕ ಉರಿಯುತ್ತದೆ ಅನ್ನೋದು ಸರಿಯಲ್ಲ. ಗಂಟೆಗೆ 9 ಕಿ.ಮೀ. ಓಡಲು ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಸುಮಾರು 33 ಮಿ.ಲೀ. ಆಮ್ಲಜನಕ ಬೇಕು. 64 ಕೆ.ಜಿ.ಗೆ ಅದು 2.1 ಲೀಟರ್ ಆಗುತ್ತದೆ. ತರಬೇತಿಗೆ ಮೊದಲೂ ಹೆಚ್ಚುಕಮ್ಮಿ ಅಷ್ಟೇ, ಆಮೇಲೂ ಅಷ್ಟೇ. ಕೆಲಸ ಅದೇ ಆದ್ದರಿಂದ ಖರ್ಚೂ ಅದೇ.

ಹಾಗಾದರೆ ಬದಲಾಗಿದ್ದು ಏನು? ಆ 2.1 ಲೀಟರನ್ನು ಬಳಸುವ ಮೈಟೊಕಾಂಡ್ರಿಯಾಗಳ ಪ್ರಮಾಣ. ಮೊದಲು ಹತ್ತು ಜನ ಹೊರುತ್ತಿದ್ದ ಹೊರೆಯನ್ನು ಈಗ ಹದಿಮೂರು ಹದಿನಾಲ್ಕು ಜನ ಹೊರುತ್ತಿದ್ದಾರೆ. ಹೊರೆಯ ತೂಕ ಬದಲಾಗಿಲ್ಲ, ಒಬ್ಬೊಬ್ಬರ ಪಾಲು ಇಳಿದಿದೆ.

ಮುಂಜಾನೆ_ಓಟ

ಮೇಷ್ಟ್ರೇ, ಒಬ್ಬೊಬ್ಬರ ಪಾಲು ಇಳಿದರೆ ಏನು ಲಾಭ? ಒಟ್ಟು ಶಕ್ತಿ ಅಷ್ಟೇ ತಾನೇ ಬಂದಿದ್ದು?

ಅಂಗಕ್ರಿಯೆ_ಮೇಷ್ಟ್ರು

ಇಡೀ ವಿಷಯದ ತಿರುಳು ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ನಾಯು ಎಳೆದುಕೊಂಡಾಗಲೆಲ್ಲ ಅದಕ್ಕೆ ಶಕ್ತಿ ಕೊಡುವ ಎಟಿಪಿ ಖರ್ಚಾಗಿ ಎಡಿಪಿ ಉಳಿಯುತ್ತದೆ. ಮೈಟೊಕಾಂಡ್ರಿಯಾಗೆ 'ಇನ್ನೂ ಜೋರಾಗಿ ಕೆಲಸ ಮಾಡು' ಅನ್ನುವ ಸೂಚನೆಗಳಲ್ಲಿ ಮುಖ್ಯವಾದದ್ದು ಈ ಎಡಿಪಿಯ ಏರಿಕೆ. ಮೈಟೊಕಾಂಡ್ರಿಯಾ ಕಡಿಮೆ ಇದ್ದಾಗ ಇರುವಷ್ಟನ್ನೇ ಬಲವಾಗಿ ದುಡಿಸಬೇಕು. ಅದಕ್ಕೆ ಎಡಿಪಿ ತುಂಬಾ ಏರಬೇಕಾಗುತ್ತದೆ. ಮೈಟೊಕಾಂಡ್ರಿಯಾ ಜಾಸ್ತಿ ಇದ್ದರೆ ಎಡಿಪಿ ಸ್ವಲ್ಪ ಏರಿದರೂ ಸಾಕು, ಅದೇ 2.1 ಲೀಟರ್ ಆಮ್ಲಜನಕ ಬಳಕೆಯಾಗುತ್ತದೆ.

ತೊಂದರೆ ಏನೆಂದರೆ, ಎಡಿಪಿ ಏರಿದಾಗ ಎಚ್ಚರವಾಗುವುದು ಮೈಟೊಕಾಂಡ್ರಿಯಾ ಮಾತ್ರ ಅಲ್ಲ. ಎಡಿಪಿ ಮತ್ತು ಅದರ ಜೊತೆ ಏರುವ ಫಾಸ್ಫೇಟ್, ಎಎಂಪಿ ಎಲ್ಲ ಸೇರಿ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಒಡೆಯುವ ದಾರಿಯನ್ನೂ ತೆರೆಯುತ್ತವೆ. ಆಗ ಗ್ಲೈಕೋಜನ್ ಬೇಗ ಕರಗುತ್ತದೆ, ಅದು ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಏರುತ್ತದೆ, ಸ್ನಾಯು ಆಮ್ಲೀಯವಾಗುತ್ತದೆ. ತೊಡೆ ಕಲ್ಲಾಗುವುದರಲ್ಲಿ ಇವೆಲ್ಲದರ ಕೈವಾಡ ಇದೆ. ತರಬೇತಿಯ ನಂತರ ಅದೇ ವೇಗದಲ್ಲಿ ಈ ಏರಿಕೆಯೇ ಚಿಕ್ಕದಾಗಿರುತ್ತದೆ. ಗ್ಲೈಕೋಜನ್ ಉಳಿಯುತ್ತದೆ, ಅದರ ಜಾಗಕ್ಕೆ ಕೊಬ್ಬು ಹೆಚ್ಚು ಉರಿಯುತ್ತದೆ.

ನಿಮ್ಮ ಅಂಕಿಯಲ್ಲೇ ನೋಡಿ. ಮೊದಲು ಆ ವೇಗ ನಿಮ್ಮ ಗರಿಷ್ಠದ ಶೇಕಡಾ 80ಕ್ಕಿಂತ ಸ್ವಲ್ಪ ಮೇಲಿತ್ತು, ಈಗ ಸ್ವಲ್ಪ ಕೆಳಗಿದೆ. ವ್ಯತ್ಯಾಸ ಬಹಳ ಚಿಕ್ಕದು. ಆದರೆ ಎಂಟು ಹತ್ತು ವಾರ ಸರಿಯಾಗಿ ಸಹನೆಯ ತರಬೇತಿ ಮಾಡಿದವರ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾದ ಕಿಣ್ವಗಳು ಶೇಕಡಾ 30-40 ಏರುವುದು ಸಾಮಾನ್ಯ. ನಿಮ್ಮಲ್ಲಿ 35 ಏರಿದೆ ಅಂದುಕೊಳ್ಳಿ. ಆಗ ಮೊದಲು 100 ಇದ್ದ ಪಾಲು ಈಗ 74 ಆಗುತ್ತದೆ. ಗರಿಷ್ಠ ಏರಿದ್ದು ಶೇಕಡಾ 5, ಒಂದೊಂದರ ಹೊರೆ ಇಳಿದಿದ್ದು ಕಾಲು ಭಾಗ. ನಿಮ್ಮ ಓಟ ಯಾಕೆ ಇಷ್ಟು ಬೆಳೆಯಿತು ಅನ್ನೋದರ ದೊಡ್ಡ ಭಾಗ ಇದೇ. ಪೂರ್ತಿ ಇದೇ ಅನ್ನಲ್ಲ. ಇದು ಅಂದಾಜು ಲೆಕ್ಕ, ನಿಮ್ಮ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ಯಾರೂ ನೋಡಿಲ್ಲವಲ್ಲ.

ಲೆಕ್ಕಕ್ಕೆ_ಸಿಗದು

ಮೇಷ್ಟ್ರೇ, ವಿವರಣೆ ಚೆನ್ನಾಗಿದೆ. ಆದರೆ ಓಡಿ ಓಡಿ ಹೃದಯವೂ ಬಲವಾಗಿರುತ್ತದೆ, ರಕ್ತವೂ ಹೆಚ್ಚಿರುತ್ತದೆ. ಲ್ಯಾಕ್ಟೇಟ್ ಇಳಿದಿದ್ದು ಸ್ನಾಯುವಿನೊಳಗಿನ ಬದಲಾವಣೆಯಿಂದಲೇ ಅಂತ ಹೇಗೆ ಹೇಳುತ್ತೀರಿ?

ಅಂಗಕ್ರಿಯೆ_ಮೇಷ್ಟ್ರು

ಸರಿಯಾದ ಪ್ರಶ್ನೆ. ಇದಕ್ಕಾಗಿಯೇ ಸ್ವೀಡನ್ನಿನ ಯಾನ್ ಹೆನ್ರಿಕ್ಸನ್ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅದು ಪ್ರಕಟವಾಗಿದ್ದು 1977ರಲ್ಲಿ. ಅದರಲ್ಲಿ ಭಾಗವಹಿಸಿದವರು ವಾರಗಟ್ಟಲೆ ಒಂದೇ ಕಾಲಿನಲ್ಲಿ ಪೆಡಲ್ ತುಳಿದು ತರಬೇತಿ ಪಡೆದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ಕೊನೆಗೆ ಎರಡೂ ಕಾಲಿನಿಂದ ಒಟ್ಟಿಗೆ ತುಳಿಯಲು ಹೇಳಿ, ಒಂದೊಂದು ಕಾಲಿನಿಂದ ವಾಪಸ್ ಬರುವ ರಕ್ತವನ್ನು ಬೇರೆಬೇರೆಯಾಗಿ ನೋಡಿದರು.

ಹೃದಯ ಒಂದೇ, ಶ್ವಾಸಕೋಶ ಒಂದೇ, ಎರಡೂ ಕಾಲಿಗೆ ಹೋಗುವ ರಕ್ತವೂ ಒಂದೇ. ಆದರೂ ತರಬೇತಿ ಪಡೆದ ಕಾಲು ಕೊಬ್ಬನ್ನು ಹೆಚ್ಚು ಬಳಸಿತು, ಲ್ಯಾಕ್ಟೇಟ್ ಕಡಿಮೆ ಹೊರಬಿಟ್ಟಿತು. ಮೈಟೊಕಾಂಡ್ರಿಯಾದ ಕಿಣ್ವಗಳು ಏರಿದ್ದೂ ಆ ಕಾಲಿನಲ್ಲೇ. ಹೃದಯದಿಂದ ಬಂದ ಲಾಭವಾಗಿದ್ದರೆ ಎರಡೂ ಕಾಲಿಗೆ ಸಮನಾಗಿ ಸಿಗಬೇಕಿತ್ತು.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಈ ಬದಲಾವಣೆ ದುಡಿದ ಸ್ನಾಯುವಿಗೆ ಮಾತ್ರ. ಅದರಲ್ಲೂ ದುಡಿದ ಎಳೆಗಳಿಗೆ ಮಾತ್ರ. ಚೆನ್ನಾಗಿ ಓಡುವವರು ಈಜಲು ಇಳಿದರೆ ತೋಳು ಬೇಗ ಸೋಲುವುದು ಅದಕ್ಕೇ.

ಪೆಡಲ್_ಪ್ರೇಮಿ

ಆಮ್ಲಜನಕದ ಖರ್ಚು ಅಷ್ಟೇ ಇರುತ್ತದೆ ಅನ್ನೋದನ್ನು ಒಪ್ಪಿದೆ. ಹಾಗಿದ್ದರೆ ಹೊಸ ಕ್ಯಾಪಿಲರಿಗಳು ಯಾಕೆ ಬೇಕು? ಬೇಡದೇ ಇರುವುದನ್ನು ದೇಹ ಸುಮ್ನೆ ಕಟ್ಟಲ್ಲ ತಾನೇ?

ಅಂಗಕ್ರಿಯೆ_ಮೇಷ್ಟ್ರು

ಹೌದು, ಸುಮ್ನೆ ಕಟ್ಟಲ್ಲ. ಅವು ಕೊಡುವುದು ಎರಡು: ಸಮಯ ಮತ್ತು ಸಾಮೀಪ್ಯ.

ಕ್ಯಾಪಿಲರಿ ಎಷ್ಟು ಕಿರಿದು ಅಂದರೆ ಕೆಂಪು ರಕ್ತಕಣ ಮೈ ಬಾಗಿಸಿಕೊಂಡು ಒಂದರ ಹಿಂದೆ ಒಂದು ದಾಟಬೇಕು. ಆಮ್ಲಜನಕ ಇಳಿಯುವುದು ಆ ದಾಟುವ ಹೊತ್ತಿನಲ್ಲೇ. ಜೋರು ಓಟದಲ್ಲಿ ಆ ಹೊತ್ತು ಒಂದು ಸೆಕೆಂಡೂ ಇರಲ್ಲ. ರಕ್ತ ಅಷ್ಟೇ ಬರುತ್ತಿದ್ದು, ಹರಿಯಲು ದಾರಿಗಳು ಹೆಚ್ಚಾದರೆ ಒಂದೊಂದು ದಾರಿಯಲ್ಲಿ ಹರಿವು ನಿಧಾನವಾಗುತ್ತದೆ. ಉದಾಹರಣೆಗೆ, ದಾಟಲು ಅರ್ಧ ಸೆಕೆಂಡು ಸಿಗುತ್ತಿತ್ತು ಅಂದುಕೊಳ್ಳಿ. ಕ್ಯಾಪಿಲರಿಗಳ ಒಟ್ಟು ಜಾಗ ಶೇಕಡಾ 20 ಹೆಚ್ಚಾದರೆ ಅದು 0.6 ಸೆಕೆಂಡಾಗುತ್ತದೆ. ಆಮ್ಲಜನಕವನ್ನು ಇಳಿಸಿಕೊಳ್ಳಲು ಅಷ್ಟು ಬಿಡುವು ಸಿಕ್ಕಿತು. ಜೊತೆಗೆ ಎಳೆಯ ಸುತ್ತ ಕ್ಯಾಪಿಲರಿಗಳು ಹೆಚ್ಚಿದ್ದರೆ, ರಕ್ತದಿಂದ ಮೈಟೊಕಾಂಡ್ರಿಯಾದವರೆಗೆ ಆಮ್ಲಜನಕ ಸಾಗಬೇಕಾದ ದೂರ ಕಡಿಮೆ. ರಕ್ತದಲ್ಲಿರುವ ಕೊಬ್ಬಿನಾಮ್ಲ ಒಳಗೆ ಬರಲು, ಲ್ಯಾಕ್ಟೇಟ್ ಹೊರಗೆ ಹೋಗಲು ಕೂಡ ಇದೇ ದಾರಿ.

ಶೇಕಡಾ 20 ಅನ್ನೋದನ್ನು ನಾನು ಗಾಳಿಯಲ್ಲಿ ಹಿಡಿದಿದ್ದಲ್ಲ. ಅದೇ 1977ರಲ್ಲಿ ಆಂಡರ್ಸನ್ ಮತ್ತು ಹೆನ್ರಿಕ್ಸನ್ ಎಂಟು ವಾರ ಸೈಕಲ್ ತರಬೇತಿ ಕೊಟ್ಟು ತೊಡೆಯ ಸ್ನಾಯು ನೋಡಿದಾಗ ಕ್ಯಾಪಿಲರಿಗಳ ಸಾಂದ್ರತೆ ಏರಿದ್ದು ಸುಮಾರು ಅಷ್ಟೇ. ತರಬೇತಿ ಅಂದರೆ ದಿನಕ್ಕೆ 40 ನಿಮಿಷ, ವಾರಕ್ಕೆ ನಾಲ್ಕು ದಿನ, ಗರಿಷ್ಠದ ಶೇಕಡಾ 80ರ ಹತ್ತಿರ. ಸಾಕಷ್ಟು ಬೆವರು ಸುರಿಸಿಯೇ ಪಡೆದದ್ದು.

ಇವು ಹುಟ್ಟುವುದಕ್ಕೆ ಮುಖ್ಯ ಸೂಚನೆ ವಿಇಜಿಎಫ್ ಅನ್ನುವ ಪ್ರೋಟೀನು. ಸ್ನಾಯುವಿನೊಳಗೆ ಆಮ್ಲಜನಕ ಇಳಿದಾಗ, ರಕ್ತ ಜೋರಾಗಿ ಹರಿದು ನಾಳದ ಗೋಡೆ ಉಜ್ಜಿದಾಗ ಅದು ಹೆಚ್ಚುತ್ತದೆ. ಇದ್ದ ಕ್ಯಾಪಿಲರಿಯಿಂದ ಹೊಸದು ಚಿಗುರುತ್ತದೆ, ಇಲ್ಲವೇ ಒಂದೇ ಕ್ಯಾಪಿಲರಿ ಉದ್ದಕ್ಕೆ ಸೀಳಿ ಎರಡಾಗುತ್ತದೆ.

ದೂರದ_ದಾರಿ

ನನ್ನದು ಸ್ವಲ್ಪ ಬೇರೆ ಥರದ ಕಥೆ. ಗೆಳತಿಯರ ಜೊತೆ ಒಂದೇ ಯೋಜನೆಯಲ್ಲಿ ತಿಂಗಳುಗಟ್ಟಲೆ ಓಡಿದೆ. ಅವರೆಲ್ಲ ಮುಂದೆ ಹೋದರು, ನನಗೆ ಮಾತ್ರ ಅದೇ ವೇಗದಲ್ಲಿ ಅದೇ ಸುಸ್ತು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ ಸರಿಯಾಗಿಯೇ ಇತ್ತು. ಆಮೇಲೆ ಡಾಕ್ಟರು ಫೆರಿಟಿನ್ ನೋಡಿ, ಕಬ್ಬಿಣದ ದಾಸ್ತಾನು ತೀರಾ ಕಡಿಮೆ ಅಂದರು. ರಕ್ತ ಸರಿ ಇದ್ದಮೇಲೆ ಕಬ್ಬಿಣ ಕಡಿಮೆ ಇದ್ದರೆ ದಮ್ಮಿಗೆ ಏನು ತೊಂದರೆ? ಇದಕ್ಕೂ ಮೈಟೊಕಾಂಡ್ರಿಯಾಗೂ ಸಂಬಂಧ ಇದೆಯಾ ಮೇಷ್ಟ್ರೇ?

ಅಂಗಕ್ರಿಯೆ_ಮೇಷ್ಟ್ರು

ನೇರ ಸಂಬಂಧ ಇದೆ ಮೇಡಂ. ಕಬ್ಬಿಣ ಬೇಕಾಗಿರುವುದು ಹಿಮೋಗ್ಲೋಬಿನ್‌ಗೆ ಮಾತ್ರ ಅಲ್ಲ. ಮೈಟೊಕಾಂಡ್ರಿಯಾದೊಳಗೆ ಆಮ್ಲಜನಕ ಬಳಸಲು ಬೇಕಾದ ಸೈಟೋಕ್ರೋಮ್ ಅನ್ನುವ ಪ್ರೋಟೀನುಗಳೂ ಕಬ್ಬಿಣವಿಲ್ಲದೆ ಆಗಲ್ಲ. ಓಟ 'ಹೊಸದು ಕಟ್ಟು' ಅಂತ ಸೂಚನೆ ಕೊಟ್ಟರೂ ಕಟ್ಟಲು ಸಾಮಾನು ಇರಲ್ಲ.

1980ರ ದಶಕದಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ಒಂದು ಸೊಗಸಾದ ಪ್ರಯೋಗ ನಡೆಯಿತು. ಕಬ್ಬಿಣದ ಕೊರತೆ ಇರುವ ಇಲಿಗಳಿಗೆ ರಕ್ತ ಬದಲಿಸಿ ಹಿಮೋಗ್ಲೋಬಿನ್ ಮಾತ್ರ ಸರಿಮಾಡಿದರು. ಅವುಗಳ ವಿಓ2 ಮ್ಯಾಕ್ಸ್ ಬಹುಮಟ್ಟಿಗೆ ವಾಪಸ್ ಬಂತು. ಆದರೆ ಹೆಚ್ಚು ಹೊತ್ತು ಓಡುವ ಶಕ್ತಿ ಬರಲಿಲ್ಲ. ಸ್ನಾಯುವಿನ ಮೈಟೊಕಾಂಡ್ರಿಯಾ ಇನ್ನೂ ಸರಿಹೋಗಿರಲಿಲ್ಲ, ಅದಕ್ಕೇ. ನಮ್ಮ ಓಟಗಾರರ 43ಕ್ಕೂ ಒಂದು ಗಂಟೆಯ ಓಟಕ್ಕೂ ಯಾಕೆ ಲೆಕ್ಕ ಕೂಡಲ್ಲ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ಎರಡು ಬೇರೆಬೇರೆ ಸಾಮರ್ಥ್ಯಗಳು ಇವು.

ಆದರೆ ಇದನ್ನು ಓದಿ ಯಾರೂ ತಾವಾಗಿಯೇ ಕಬ್ಬಿಣದ ಮಾತ್ರೆ ನುಂಗಬೇಡಿ. ಕಬ್ಬಿಣ ದೇಹದಲ್ಲಿ ಜಾಸ್ತಿಯಾದರೂ ಅಪಾಯ. ಫೆರಿಟಿನ್ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದರೆ ಮಾತ್ರ ತಗೊಳ್ಳಿ.

ಮೊಣಕಾಲು_ನೋವು

ನಾನು ಮೊಣಕಾಲಿನ ತೊಂದರೆಯಿಂದ ಓಟ ನಿಲ್ಲಿಸಿದ್ದೇನೆ. ಇನ್ನೂ ಕೆಲವು ವಾರ ಓಡುವ ಹಾಗಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ್ದೆಲ್ಲ ಕರಗಿಹೋಗುತ್ತದಾ? ಇದೊಂದೇ ಯೋಚನೆ ತಲೆಯಲ್ಲಿ ಕೊರೆಯುತ್ತಿದೆ.

ಅಂಗಕ್ರಿಯೆ_ಮೇಷ್ಟ್ರು

ಎಲ್ಲ ಒಂದೇ ವೇಗದಲ್ಲಿ ಕರಗಲ್ಲ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಜೊತೆಗಾರರು, ವರ್ಷಗಟ್ಟಲೆ ತರಬೇತಿ ಮಾಡಿದವರನ್ನು 84 ದಿನ ಪೂರ್ತಿ ಬಿಡಿಸಿ ನೋಡಿದರು. ಮೊದಲ ಮೂರು ವಾರದಲ್ಲಿ ವಿಓ2 ಮ್ಯಾಕ್ಸ್ ಸುಮಾರು ಶೇಕಡಾ 7 ಇಳಿಯಿತು. ಆ ಇಳಿತ ಬಹುತೇಕ ಹೃದಯದ ಕಡೆಯಿಂದ, ಒಂದು ಬಡಿತಕ್ಕೆ ಹೊರಡುವ ರಕ್ತ ಕಡಿಮೆಯಾಗಿತ್ತು. ಮೈಟೊಕಾಂಡ್ರಿಯಾದ ಕಿಣ್ವಗಳು ವಾರದಿಂದ ವಾರಕ್ಕೆ ಇಳಿಯುತ್ತಾ ಎಂಟು ವಾರದ ಹೊತ್ತಿಗೆ ಸುಮಾರು ಶೇಕಡಾ 40 ಕಡಿಮೆಯಾದವು. ಆದರೆ ಕ್ಯಾಪಿಲರಿಗಳ ಸಾಂದ್ರತೆ 84 ದಿನವಾದರೂ ಇಳಿಯಲಿಲ್ಲ.

ಮೈಟೊಕಾಂಡ್ರಿಯಾ ಬೇಗ ಇಳಿಯಲು ಕಾರಣ ಇದೆ. ಅದರ ಪ್ರೋಟೀನುಗಳು ದಿನಾ ಒಡೆಯುತ್ತವೆ, ದಿನಾ ಹೊಸದಾಗುತ್ತವೆ. ಸುಮಾರು ಒಂದು ವಾರದಲ್ಲಿ ಅರ್ಧ ಭಾಗ ಬದಲಾಗುತ್ತದೆ. ಕಟ್ಟುವ ಸೂಚನೆ ನಿಂತರೆ ಒಡೆಯುವುದು ಮೇಲುಗೈ ಆಗುತ್ತದೆ. ಅದೇ ಕಾರಣಕ್ಕೆ ವಾಪಸ್ ಬರುವಾಗಲೂ ಬೇಗ ಏರುತ್ತದೆ. ಮೊಣಕಾಲಿಗೆ ಭಾರ ಬೀಳದ ಹಾಗೆ ಸೈಕಲ್ ತುಳಿಯಲು ವೈದ್ಯರು ಒಪ್ಪಿದರೆ, ತೊಡೆಯ ಮಟ್ಟಿಗೆ ಬಹಳಷ್ಟು ಉಳಿಸಿಕೊಳ್ಳಬಹುದು. ಮೀನಖಂಡಕ್ಕೆ ಅಷ್ಟು ಲಾಭ ಇಲ್ಲ, ಸೈಕಲ್‌ನಲ್ಲಿ ಅದರ ಕೆಲಸ ಕಡಿಮೆ.

ಮೊಣಕಾಲು_ನೋವು

ಕ್ಯಾಪಿಲರಿ ಉಳಿಯುತ್ತದೆ ಅನ್ನೋದು ಕೇಳಿ ಸಮಾಧಾನ ಆಯಿತು. ನಾಳೆಯೇ ಡಾಕ್ಟರ ಹತ್ತಿರ ಸೈಕಲ್ ವಿಷಯ ಕೇಳುತ್ತೇನೆ.

ಲೆಕ್ಕಕ್ಕೆ_ಸಿಗದು

ಒಂದು ಎಚ್ಚರಿಕೆ. ಕಾಯ್ಲ್ ನೋಡಿದ್ದು ವರ್ಷಗಟ್ಟಲೆ ದುಡಿದವರನ್ನು. ಕೆಲವೇ ತಿಂಗಳು ಓಡಿದವರ ಕ್ಯಾಪಿಲರಿಯೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಅದರಿಂದ ಹೇಳಲು ಬರಲ್ಲ.

ಇನ್ನೊಂದು ದೊಡ್ಡ ವಿಷಯ. ಮೈಟೊಕಾಂಡ್ರಿಯಾ ಹೆಚ್ಚಿದ್ದರಿಂದಲೇ ಲ್ಯಾಕ್ಟೇಟ್ ಇಳಿಯಿತು ಅನ್ನೋದಾದರೆ, ಕೆನಡಾದ ಹೋವರ್ಡ್ ಗ್ರೀನ್ 1990ರ ದಶಕದಲ್ಲಿ ತೋರಿಸಿದ್ದನ್ನು ಏನು ಮಾಡುತ್ತೀರಿ? ದಿನಕ್ಕೆ ಎರಡು ಗಂಟೆ ಸೈಕಲ್ ತುಳಿದವರಲ್ಲಿ ಎರಡು ವಾರ ತುಂಬುವ ಮೊದಲೇ ಲ್ಯಾಕ್ಟೇಟ್ ಇಳಿಯಿತು, ಗ್ಲೈಕೋಜನ್ ಉಳಿಯಿತು. ಆಗಿನ್ನೂ ಮೈಟೊಕಾಂಡ್ರಿಯಾದ ಕಿಣ್ವಗಳು ಏರಿರಲೇ ಇಲ್ಲ.

ಅಂಗಕ್ರಿಯೆ_ಮೇಷ್ಟ್ರು

ಎರಡೂ ಮಾತು ಸರಿ. ಗ್ರೀನ್ ತೋರಿಸಿದ್ದನ್ನು ತಳ್ಳಿಹಾಕಲು ಆಗಲ್ಲ. ಮೊದಲ ದಿನಗಳಲ್ಲೇ ರಕ್ತದ ನೀರಿನಂಶ ಏರುತ್ತದೆ, ಅಡ್ರಿನಾಲಿನ್ ಕಡಿಮೆ ಸುರಿಯುತ್ತದೆ. ಅಡ್ರಿನಾಲಿನ್ ಕಡಿಮೆಯಾದರೆ ಗ್ಲೈಕೋಜನ್ ಒಡೆಯುವುದೂ ಕಡಿಮೆ. ಹಾಗಾಗಿ ಮೊದಲ ಹತ್ತು ಹದಿನೈದು ದಿನದ ಸುಧಾರಣೆಯನ್ನು ಮೈಟೊಕಾಂಡ್ರಿಯಾದ ಖಾತೆಗೆ ಬರೆಯಬಾರದು. ಆಮೇಲಿನದರಲ್ಲಿ ಅದರ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ. ಒಂಟಿ ಕಾಲಿನ ಪ್ರಯೋಗವೇ ನನ್ನ ಆಧಾರ, ಅಡ್ರಿನಾಲಿನ್ ಎರಡೂ ಕಾಲಿಗೆ ಒಂದೇ ಇತ್ತಲ್ಲ.

ಲೆಕ್ಕಕ್ಕೆ_ಸಿಗದು

ಆ ಆಧಾರ ಗಟ್ಟಿಯಾದದ್ದೇ, ಒಪ್ಪುತ್ತೇನೆ. ಆದರೆ ಆ ಕಾಲಿನಲ್ಲಿ ಕಿಣ್ವದ ಜೊತೆ ಕ್ಯಾಪಿಲರಿಯೂ ಏರಿರಬಹುದು. ಯಾವುದರ ಪಾಲು ಎಷ್ಟು ಅಂತ ಬೇರ್ಪಡಿಸುವುದು ಕಷ್ಟ. ಅಲ್ಲಿಗೆ ನಾವು ಇನ್ನೂ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಪೆಡಲ್_ಪ್ರೇಮಿ

ಹಾಗಾದರೆ ಯಾವ ತರಬೇತಿ ಒಳ್ಳೆಯದು? ನಿಧಾನವಾಗಿ ಎರಡು ಗಂಟೆ ತುಳಿಯುವುದೋ, ಉಸಿರುಗಟ್ಟುವ ಹಾಗೆ ಅರ್ಧ ನಿಮಿಷ ತುಳಿದು ಸುಧಾರಿಸಿಕೊಳ್ಳುವುದೋ? ನಮ್ಮ ಗುಂಪಿನಲ್ಲಿ ಇದೇ ಜಗಳ.

ಅಂಗಕ್ರಿಯೆ_ಮೇಷ್ಟ್ರು

ಮೈಟೊಕಾಂಡ್ರಿಯಾ ಮಟ್ಟಿಗೆ ಎರಡೂ ಕೆಲಸ ಮಾಡುತ್ತವೆ. 2006ರಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ ಎರಡು ವಾರದ ಹೋಲಿಕೆ ಮಾಡಿತು. ಒಂದು ಗುಂಪು ಒಟ್ಟು ಹತ್ತೂವರೆ ಗಂಟೆ ಸಾಧಾರಣ ವೇಗದಲ್ಲಿ ತುಳಿಯಿತು. ಇನ್ನೊಂದು ಗುಂಪು 30 ಸೆಕೆಂಡಿನ ಪೂರ್ಣ ಬಲದ ತುಳಿತ, ನಡುನಡುವೆ ವಿಶ್ರಾಂತಿ, ಎಲ್ಲ ಸೇರಿ ಎರಡೂವರೆ ಗಂಟೆ. ಸ್ನಾಯುವಿನ ಆಮ್ಲಜನಕ ಬಳಸುವ ಸಾಮರ್ಥ್ಯ ಎರಡರಲ್ಲೂ ಒಂದೇ ಥರ ಏರಿತು. ಆದರೆ ಆ ಎರಡೂವರೆ ಗಂಟೆಯನ್ನು ಕಡಿಮೆ ಸಮಯ ಅಂತ ನೋಡಿ ಸುಲಭ ಅಂದುಕೊಳ್ಳಬೇಡಿ. ಪೂರ್ಣ ಬಲದ 30 ಸೆಕೆಂಡು ಬಹಳ ಕಠಿಣ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದಕ್ಕೆ ಇಳಿಯಲೇಬಾರದು.

ಕ್ಯಾಪಿಲರಿಗೆ ಯಾವುದು ಮೇಲು ಅನ್ನೋದರಲ್ಲಿ ಒಮ್ಮತ ಇಲ್ಲ. ರಕ್ತ ಹೆಚ್ಚು ಹೊತ್ತು ಹರಿಯುವುದರಿಂದ ದೀರ್ಘ ತುಳಿತವೇ ಮೇಲು ಅನ್ನೋ ಕಡೆಗೆ ನನ್ನ ಒಲವು.

ಮುಂಜಾನೆ_ಓಟ

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು. ಮುಂದೆ ಸ್ನಾಯು ಇನ್ನೂ ಸುಧಾರಿಸುತ್ತಿದೆಯಾ ಅಂತ ಸ್ನಾಯು ಚುಚ್ಚಿಸಿಕೊಳ್ಳದೆ ತಿಳಿಯಬಹುದಾ? ವಾಚಿನಲ್ಲಿ ನಾಡಿಬಡಿತ ಇಳಿದರೆ ಸಾಕಾ?

ಅಂಗಕ್ರಿಯೆ_ಮೇಷ್ಟ್ರು

ನಾಡಿ ಇಳಿಯುವುದು ಮೊದಲಿಗೆ ಹೃದಯ ಮತ್ತು ರಕ್ತದ ಸುದ್ದಿ, ಸ್ನಾಯುವಿನದ್ದಲ್ಲ. ವಾಚು ತೋರಿಸುವ ವಿಓ2 ಮ್ಯಾಕ್ಸ್ ಕೂಡ ನಾಡಿ ಮತ್ತು ವೇಗದಿಂದ ಮಾಡಿದ ಅಂದಾಜು. ಸ್ನಾಯುವಿಗೆ ಹತ್ತಿರದ ಅಳತೆ ಲ್ಯಾಕ್ಟೇಟ್. ಅದೇ ಲ್ಯಾಬ್‌ನಲ್ಲಿ ಬೆರಳ ತುದಿಯ ರಕ್ತದಿಂದ ನೋಡುತ್ತಾರೆ. 8, 9, 10 ಕಿ.ಮೀ. ವೇಗದಲ್ಲಿ ಐದೈದು ನಿಮಿಷ ಓಡಿಸಿ ಪ್ರತಿ ಹಂತದ ಕೊನೆಗೆ ಅಳೆಯಲು ಹೇಳಿ. ಕೆಲವು ತಿಂಗಳ ನಂತರ ಅದೇ ವೇಗಗಳಲ್ಲಿ ಮತ್ತೆ ನೋಡಿ. ಆದರೆ ಹಿಂದಿನ ದಿನ ಜೋರಾಗಿ ಓಡಬೇಡಿ, ಊಟವನ್ನೂ ಕಡಿಮೆ ಮಾಡಬೇಡಿ. ಗ್ಲೈಕೋಜನ್ ಖಾಲಿ ಇದ್ದರೆ ಸ್ನಾಯು ಏನೂ ಸುಧಾರಿಸದೆ ಇದ್ದರೂ ಲ್ಯಾಕ್ಟೇಟ್ ಕಡಿಮೆ ಬರುತ್ತದೆ.

ಲೆಕ್ಕಕ್ಕೆ_ಸಿಗದು

ಅಳೆದ ಮೇಲೆ ಎರಡೂ ಸಲದ ಅಂಕಿಗಳನ್ನು ಇಲ್ಲೇ ಹಾಕಿ. 10 ಕಿ.ಮೀ. ವೇಗದ ಅಂಕಿಯನ್ನು ಮರೆಯಬೇಡಿ. ನಿಮ್ಮ ವಿಓ2 ಮ್ಯಾಕ್ಸ್ 43ರಲ್ಲೇ ನಿಂತು ಅದು ಮಾತ್ರ ಇಳಿದರೆ ಮೇಷ್ಟ್ರ ಮಾತಿಗೆ ಬಲ ಬರುತ್ತದೆ.